ವಿಷಯ: ಸಂತೇಪೇಟೆಯ ನಿಮ್ಮ ಗ್ರಂಧಿಗೆ ಅಂಗಡಿಯೊಳಗೆ ಕಿರುಚಿತ್ರದ ಚಿತ್ರೀಕರಣಕ್ಕೆ ಅನುಮತಿ ಕೋರಿ

ಮಾನ್ಯ ಶ್ರೀ ನಂಜುಂಡ ಶೆಟ್ಟರಿಗೆ,

ನಮಸ್ಕಾರ ಸರ್.

ನಾನು ಚಂದನಾ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪತ್ರಿಕೋದ್ಯಮ ಎಂ.ಎ. ಎರಡನೇ ವರ್ಷದ ವಿದ್ಯಾರ್ಥಿನಿ. ಕಳೆದ ಶನಿವಾರ ಸಂಜೆ ಅಂಗಡಿಗೆ ಬಂದು, ನಮ್ಮ ಪ್ರಾಜೆಕ್ಟಿನ ಕಿರುಚಿತ್ರವನ್ನು ನಿಮ್ಮ ಅಂಗಡಿಯಲ್ಲೇ ತೆಗೆಯಬಹುದೇ ಎಂದು ಕೇಳಿದ್ದೆ. ಗಿರಾಕಿಗಳು ನಿಂತಿದ್ದರು. ಆದರೂ ನೀವು ಬೇಸರ ಮಾಡಿಕೊಳ್ಳದೆ, "ಏನು ಮಾಡ್ತೀರಿ, ಎಷ್ಟು ಜನ ಬರ್ತೀರಿ, ಎಲ್ಲಾ ಬರೆದು ಈಮೇಲ್ ಹಾಕಮ್ಮ, ಮಗನೂ ನಾನೂ ಕೂತು ಓದಿ ಹೇಳ್ತೀವಿ" ಎಂದಿರಿ. ಹಾಗಾಗಿ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ. ನಿಮಗೆ ಗೊತ್ತಿಲ್ಲದ ಯಾವುದೂ ಆ ದಿನ ಅಂಗಡಿಯೊಳಗೆ ನಡೆಯಬಾರದು ಎನ್ನುವುದೇ ಅದಕ್ಕೆ ಕಾರಣ.

ಮೊದಲು ಕಥೆ. ಹನ್ನೆರಡು ನಿಮಿಷದ ಚಿತ್ರ. ನಂಜನಗೂಡಿನ ಕಡೆಯ ಅಜ್ಜಿಯೊಬ್ಬರು ಮೊಮ್ಮಗಳ ಬಾಣಂತನಕ್ಕೆ ಸಾಮಾನು ಕೊಳ್ಳಲು ಒಬ್ಬರೇ ಬಸ್ಸಿನಲ್ಲಿ ಮೈಸೂರಿಗೆ ಬರುತ್ತಾರೆ. ಚೀಟಿ ಇಲ್ಲ, ಎಲ್ಲ ಬಾಯಲ್ಲೇ. ಒಣಶುಂಠಿ, ಹಿಪ್ಪಲಿ, ಓಮ, ಅಂಟು, ಬಜೆ, ಅಳಲೆಕಾಯಿ, ಜಾಯಿಕಾಯಿ ಎಂದು ಸರಾಗವಾಗಿ ಹೇಳಿಕೊಂಡು ಬಂದವರಿಗೆ ಒಂದರ ಹೆಸರು ಮಾತ್ರ ನೆನಪಾಗುವುದಿಲ್ಲ. ಗೋಲಿಯಷ್ಟು ದುಂಡಗಿರುತ್ತದೆ, ಮೈಮೇಲೆ ಗುಬುಟು ಗುಬುಟು, ತೇಯ್ದರೆ ಬರೀ ಒಗರು ಎನ್ನುತ್ತಾರೆ. ಅಂಗಡಿಯವರು ಅವಸರ ಮಾಡದೆ ಒಂದೊಂದೇ ಡಬ್ಬ ತೆಗೆದು ಅಂಗೈ ಮೇಲೆ ಇಟ್ಟು ತೋರಿಸುತ್ತಾ ಹೋಗುತ್ತಾರೆ. ಕೊನೆಗೆ ಮಾಚಿಕಾಯಿ ಸಿಗುತ್ತದೆ. ಅಷ್ಟರಲ್ಲಿ ಅಜ್ಜಿ ತನ್ನ ಮೂರು ಬಾಣಂತನಗಳ ಕಥೆಯನ್ನೂ ಹೇಳಿ ಮುಗಿಸಿರುತ್ತಾರೆ. ಚಿತ್ರ ಇಷ್ಟೇ. ಜಗಳವಿಲ್ಲ, ಹಾಡಿಲ್ಲ, ಅಂಗಡಿಯವರನ್ನು ಕೆಟ್ಟವರನ್ನಾಗಿ ತೋರಿಸುವ ಒಂದು ಮಾತೂ ಇಲ್ಲ.

ನಿಮ್ಮ ಅಂಗಡಿಯೇ ಏಕೆ ಬೇಕು ಎಂದು ನೀವು ಕೇಳಬಹುದು. ನಾಲ್ಕು ಮರದ ಕಪಾಟು ಜೋಡಿಸಿ ಸೆಟ್ ಹಾಕೋಣ ಎಂದು ನಮ್ಮ ತಂಡದಲ್ಲೂ ಮಾತು ಬಂದಿತ್ತು. ನಾನು ಒಪ್ಪಲಿಲ್ಲ. ಎಷ್ಟೋ ವರ್ಷ ಕೈಯಾಡಿ ನುಣುಪಾದ ಸೆಳೆಖಾನೆಗಳ ಹಿಡಿ, ಮೇಲಿನಿಂದ ಇಳಿಬಿದ್ದ ಹುರಿಯ ಉಂಡೆ, ಮುಚ್ಚಳದ ಮೇಲೆ ಹೆಸರೇ ಇಲ್ಲದಿದ್ದರೂ ನೀವು ನೇರವಾಗಿ ಕೈ ಹಾಕುವ ಡಬ್ಬಗಳು, ಇವನ್ನು ನಾವು ಹೊಸದಾಗಿ ಮಾಡಿದರೆ ಸುಳ್ಳಾಗಿ ಕಾಣುತ್ತದೆ. ಬಜೆ, ಗಂಧ, ಸಾಂಬ್ರಾಣಿ ಎಲ್ಲ ಬೆರೆತ ಆ ವಾಸನೆ ಕ್ಯಾಮೆರಾಗೆ ಸಿಗುವುದಿಲ್ಲ, ನಿಜ. ಆದರೆ ಹೊಸಿಲು ದಾಟಿ ಒಳಗೆ ಕಾಲಿಟ್ಟ ಕೂಡಲೇ ಅಜ್ಜಿಯ ಮುಖ ಬದಲಾಗುವುದು ಸಿಗುತ್ತದೆ. ಅದು ನಿಜವಾದ ಅಂಗಡಿಯಲ್ಲಿ ಮಾತ್ರ ಸಾಧ್ಯ.

ಇನ್ನೊಂದು ಕಾರಣವೂ ಇದೆ. ಆ ಶನಿವಾರ ನಾನು ಮಾಚಿಕಾಯಿ ಕೇಳಿದಾಗ ನೀವು ಹಿಡಿ ತುಂಬ ತೆಗೆದು, ತೂತಿರುವುದನ್ನೆಲ್ಲ ಬೆರಳಲ್ಲೇ ಪಕ್ಕಕ್ಕೆ ಸರಿಸಿದಿರಿ. "ಇದರೊಳಗಿಂದ ಹುಳ ಹಾರಿ ಹೋಗಿದೆ, ಹಗುರ ಆಗಿರುತ್ತೆ. ತೂತಿಲ್ಲದ್ದೇ ತಗೋ, ತೂಕ ಇರುತ್ತೆ" ಎಂದಿರಿ. ಮಾಚಿಕಾಯಿ ಮರದಲ್ಲಿ ಬಿಡುವ ಕಾಯಿಯಲ್ಲ, ಓಕ್ ಜಾತಿಯ ಮರದ ರೆಂಬೆಯಲ್ಲಿ ಕಣಜದಂಥ ಪುಟ್ಟ ಹುಳ ಮೊಟ್ಟೆಯಿಟ್ಟಾಗ ಏಳುವ ಗಂಟು ಎಂದು ನಾನು ತಿಳಿದುಕೊಂಡಿದ್ದು ಅದಾದ ಮೇಲೆ. ಹತ್ತು ಗ್ರಾಂ ಸಾಮಾನಿಗೆ ಇಷ್ಟು ಗಮನ ಕೊಟ್ಟು ಆರಿಸಿಕೊಡುವುದನ್ನು ನೋಡಿದ ಮೇಲೆ ಚಿತ್ರದ ಅಂಗಡಿಯವರ ಪಾತ್ರವನ್ನು ಪೂರ್ತಿ ತಿದ್ದಿ ಬರೆದೆ. ಈಗ ಚಿತ್ರದಲ್ಲೂ ಅವರು ತೂತಿನ ಮಾಚಿಕಾಯಿಯನ್ನು ಪಕ್ಕಕ್ಕೆ ಸರಿಸುತ್ತಾರೆ. ನಿಮ್ಮ ಮಾತನ್ನು ಬಳಸಿಕೊಳ್ಳಲು ಒಪ್ಪಿಗೆ ಇಲ್ಲದಿದ್ದರೆ ಹೇಳಿ, ತೆಗೆದುಬಿಡುತ್ತೇನೆ.

ಚಿತ್ರೀಕರಣಕ್ಕೆ ನಾವು ಕೇಳುತ್ತಿರುವುದು ನವೆಂಬರ್ 23ರ ಭಾನುವಾರ, ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ. ಭಾನುವಾರ ನಿಮ್ಮ ಅಂಗಡಿಗೆ ರಜೆ, ವ್ಯಾಪಾರಕ್ಕೆ ತೊಂದರೆಯಾಗುವುದಿಲ್ಲ. ಅಷ್ಟು ಹೊತ್ತಿಗೆ ದೀಪಾವಳಿಯ ಗಡಿಬಿಡಿಯೂ ಕಾರ್ತಿಕ ಸೋಮವಾರಗಳೂ ಮುಗಿದಿರುತ್ತವೆ. ಬೆಳಿಗ್ಗೆಯೇ ಬೇಕೆನ್ನಲು ಕಾರಣ ಬಿಸಿಲು. ಅಂಗಡಿಯ ಬಾಗಿಲು ಮೂಡಲಿಗೆ ಇರುವುದರಿಂದ ಎಂಟು ಗಂಟೆಯ ಹೊತ್ತಿಗೆ ಬೆಳಕು ಗಲ್ಲಾದ ತನಕ ಬರುತ್ತದೆ, ಆ ಬೆಳಕಿನಲ್ಲೇ ಮುಖ್ಯ ದೃಶ್ಯ ತೆಗೆಯುವ ಆಸೆ. ಆ ಭಾನುವಾರ ನಿಮಗೆ ಮದುವೆ, ಊರು ಎಂದು ಏನಾದರೂ ಇದ್ದರೆ ಮುಂದಿನ ಭಾನುವಾರ, ನವೆಂಬರ್ 30 ಕೂಡ ನಮಗೆ ಆಗುತ್ತದೆ.

ಒಳಗೆ ಬರುವವರು ಒಟ್ಟು ಏಳು ಜನ: ನಾನು, ಕ್ಯಾಮೆರಾಗೆ ಇಬ್ಬರು, ಧ್ವನಿಗೆ ಒಬ್ಬರು, ಸಹಾಯಕ್ಕೆ ಒಬ್ಬರು, ನಟಿಸುವವರು ಇಬ್ಬರು. ಅಜ್ಜಿಯ ಪಾತ್ರ ಮಾಡುವವರಿಗೆ ಎಪ್ಪತ್ತು ದಾಟಿದೆ. ನಡುನಡುವೆ ಕೂರಲು ಅವರಿಗೆ ಒಂದು ಸ್ಟೂಲ್ ಕೊಟ್ಟರೆ ಉಪಕಾರ, ಇಲ್ಲದಿದ್ದರೆ ನಾವೇ ತರುತ್ತೇವೆ. ಸಲಕರಣೆ ದೊಡ್ಡದೇನಿಲ್ಲ. ಒಂದು ಕ್ಯಾಮೆರಾ, ಒಂದು ಟ್ರೈಪಾಡ್, ಉದ್ದ ಕೋಲಿಗೆ ಕಟ್ಟಿದ ಮೈಕ್, ಬ್ಯಾಟರಿಯಲ್ಲಿ ಉರಿಯುವ ಎರಡು ಸಣ್ಣ ಎಲ್‌ಇಡಿ ದೀಪ. ನಿಮ್ಮ ಕರೆಂಟಿಗೆ ಒಂದು ವೈರನ್ನೂ ಸಿಕ್ಕಿಸುವುದಿಲ್ಲ. ಮಾತು ರೆಕಾರ್ಡ್ ಆಗುವಾಗ ಮಾತ್ರ ಸೀಲಿಂಗ್ ಫ್ಯಾನ್ ಆರಿಸಬೇಕಾಗುತ್ತದೆ. ಸಿಸಿಟಿವಿ ಎಂದಿನಂತೆ ಓಡುತ್ತಿರಲಿ, ನಮ್ಮ ಅಭ್ಯಂತರ ಇಲ್ಲ. ನಿಮಗೂ ಅದೇ ನಿಶ್ಚಿಂತೆ.

ಸಾಮಾನಿನ ವಿಷಯಕ್ಕೆ ಬರುತ್ತೇನೆ. ನಿಮಗೆ ಇದೇ ದೊಡ್ಡ ಚಿಂತೆ ಎಂದು ಗೊತ್ತು. ಚಿತ್ರದಲ್ಲಿ ತೆಗೆದು ತೋರಿಸುವ ಎಂಟು ಹತ್ತು ಸಾಮಾನುಗಳನ್ನು ಹಿಂದಿನ ದಿನವೇ ನಿಮ್ಮಿಂದ ದುಡ್ಡು ಕೊಟ್ಟು ಕೊಳ್ಳುತ್ತೇವೆ, ಅವನ್ನೇ ಬಳಸುತ್ತೇವೆ. ಉಳಿದ ಯಾವ ಡಬ್ಬವನ್ನೂ ಸೆಳೆಖಾನೆಯನ್ನೂ ನೀವು ಅಥವಾ ನಿಮ್ಮ ಮಗ ತೆಗೆದುಕೊಡದೆ ಮುಟ್ಟುವುದಿಲ್ಲ. ಕೆಲಸ ಶುರುವಾಗುವ ಮೊದಲು ಎಲ್ಲ ಕಪಾಟುಗಳ ಫೋಟೋ ತೆಗೆದಿಟ್ಟುಕೊಂಡು, ಮುಗಿದ ಮೇಲೆ ಅದನ್ನು ನೋಡಿಯೇ ಇದ್ದ ಹಾಗೆ ಇಟ್ಟು ಹೋಗುತ್ತೇವೆ. ಒಂದು ಗಾಜಿನ ಭರಣಿ ಒಡೆದರೂ, ಸಾಮಾನು ಚೆಲ್ಲಿದರೂ ನೀವು ಹೇಳಿದ ಬೆಲೆಯನ್ನು ಅಲ್ಲೇ ಕೊಡುತ್ತೇವೆ. ಕರ್ಪೂರ, ಊದುಬತ್ತಿ, ಸಾಂಬ್ರಾಣಿ ಇರುವ ಜಾಗವಾದ್ದರಿಂದ ಬೆಂಕಿ, ಹೊಗೆ ಯಾವುದೂ ಇಲ್ಲ. ಚಪ್ಪಲಿ ಹೊರಗೆ ಬಿಡುತ್ತೇವೆ, ದೇವರ ಪಟಗಳನ್ನು ಕದಲಿಸುವುದಿಲ್ಲ. ತಿಂಡಿ, ಊಟ, ಕಾಫಿ ಎಲ್ಲ ಹೊರಗಡೆಯೇ. ಹೊರಡುವ ಮುಂಚೆ ಗುಡಿಸಿ ಒರೆಸಿ ಹೋಗುತ್ತೇವೆ.

ಲೆಕ್ಕದ ಪುಸ್ತಕ, ಬಿಲ್ಲು, ಗೋಡೆಯ ಮೇಲೆ ಬರೆದಿರುವ ಫೋನ್ ನಂಬರುಗಳು ಚಿತ್ರದಲ್ಲಿ ಕಾಣದ ಹಾಗೆ ನೋಡಿಕೊಳ್ಳುತ್ತೇವೆ. ಕಂಪನಿಗಳ ಕ್ಯಾಲೆಂಡರು, ಸ್ಟಿಕರುಗಳಿಗೆ ಬಟ್ಟೆ ಮುಚ್ಚುತ್ತೇವೆ. ಅಂಗಡಿಯ ಬೋರ್ಡು ಕಾಣಬೇಕೋ ಬೇಡವೋ ನಿಮ್ಮ ಇಷ್ಟ. ರಸ್ತೆಯಲ್ಲಿ ಕ್ಯಾಮೆರಾ ಇಡುವುದಿಲ್ಲ, ಎಲ್ಲವೂ ಹೊಸಿಲಿನ ಒಳಗೇ ನಡೆಯುತ್ತದೆ. ಅಕ್ಕಪಕ್ಕದ ಅಂಗಡಿಯವರಿಗೆ ನಾನೇ ಮುಂಚಿತವಾಗಿ ಹೇಳಿಬರುತ್ತೇನೆ. ಕಟ್ಟಡ ಬೇರೆಯವರದ್ದಾಗಿದ್ದರೆ ತಿಳಿಸಿ, ಮಾಲೀಕರಿಗೂ ಇಂಥದ್ದೇ ಒಂದು ಪತ್ರ ಕೊಡುತ್ತೇನೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮಗುವಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲು ಮಾತ್ರ ಕೊಡಿ ಎಂದು ವೈದ್ಯರು ಹೇಳುತ್ತಾರೆ. ಹಾಗಾಗಿ ಕೂಸಿಗೆ ಏನನ್ನಾದರೂ ತೇಯ್ದು ನೆಕ್ಕಿಸುವ ದೃಶ್ಯ ಚಿತ್ರದಲ್ಲಿಲ್ಲ. ಇಂಥ ಕಾಯಿಲೆಗೆ ಇಂಥದ್ದು ಮದ್ದು ಎಂದು ಅಂಗಡಿಯವರ ಪಾತ್ರ ಎಲ್ಲೂ ಹೇಳುವುದಿಲ್ಲ. ನಾಳೆ ಯಾರಾದರೂ ಚಿತ್ರ ನೋಡಿ ಬಂದು ನಿಮ್ಮನ್ನು ಪ್ರಶ್ನಿಸುವ ಹಾಗೆ ಆಗಬಾರದು.

ನಾವು ವಿದ್ಯಾರ್ಥಿಗಳು, ಚಿತ್ರಕ್ಕೆ ನಿರ್ಮಾಪಕರಿಲ್ಲ. ಕೈಯಿಂದ ಹಾಕಿಕೊಂಡ ದುಡ್ಡಿನಲ್ಲಿ ಅಂಗಡಿಯ ಅರ್ಧ ದಿನಕ್ಕೆಂದು 4,000 ರೂಪಾಯಿ ತೆಗೆದಿಟ್ಟಿದ್ದೇವೆ. ನಿಮ್ಮ ಸಮಯಕ್ಕೆ ಇದು ಕಡಿಮೆಯೇ. ರಜೆಯ ದಿನ ಬಂದು ಬಾಗಿಲು ತೆಗೆಯುವವರಿಗೆ ಇಷ್ಟಾದರೂ ಕೊಡಲೇಬೇಕು ಎಂಬುದು ನಮ್ಮೆಲ್ಲರ ಅಭಿಪ್ರಾಯ, ದಯವಿಟ್ಟು ಬೇಡ ಎನ್ನಬೇಡಿ. ಚಿತ್ರವನ್ನು ಮಾರುವುದಿಲ್ಲ. ಮೊದಲು ನಮ್ಮ ವಿಭಾಗದಲ್ಲಿ ತೋರಿಸಿ, ಆಮೇಲೆ ವಿದ್ಯಾರ್ಥಿ ಚಿತ್ರೋತ್ಸವಗಳಿಗೆ ಕಳಿಸುವ ಯೋಚನೆ ಇದೆ. ಅಲ್ಲಿ ಜಾಗದ ಮಾಲೀಕರ ಲಿಖಿತ ಒಪ್ಪಿಗೆ ಕೇಳುವುದುಂಟು, ಅದಕ್ಕೆ ಒಂದು ಪುಟದ ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಬರೆದು ಲಗತ್ತಿಸಿದ್ದೇನೆ. ಓದಿ, ಯಾವ ಸಾಲು ಸರಿಕಾಣದಿದ್ದರೂ ಹೊಡೆದುಹಾಕಿ. ಎಡಿಟಿಂಗ್ ಮುಗಿದ ಮೇಲೆ ಮೊದಲು ನಿಮಗೆ, ನಿಮ್ಮ ಮನೆಯವರಿಗೆ ತೋರಿಸಿಯೇ ಮುಂದಿನ ಮಾತು. ಅಂಗಡಿಯ ಬಗ್ಗೆ ಬೇಡವೆನಿಸಿದ ದೃಶ್ಯವಿದ್ದರೆ ತೆಗೆಯುತ್ತೇವೆ ಎಂಬ ಮಾತು ಆ ಪತ್ರದಲ್ಲೇ ಇದೆ.

ಕೊನೆಯದಾಗಿ ಒಂದು ಬೇಡಿಕೆ, ಸ್ವಲ್ಪ ಸಲುಗೆ ತೆಗೆದುಕೊಂಡು ಕೇಳುತ್ತಿದ್ದೇನೆ. ಅಂಗಡಿಯವರ ಪಾತ್ರವನ್ನು ರಂಗಭೂಮಿಯ ಕಲಾವಿದರೊಬ್ಬರು ಮಾಡುತ್ತಾರೆ. ಮಾತು ಅವರಿಗೆ ಬರುತ್ತದೆ, ಪೊಟ್ಟಣ ಕಟ್ಟುವುದು ಬರುವುದಿಲ್ಲ. ಪೇಪರ್ ಹಾಳೆಯನ್ನು ಒಂದೇ ಸುತ್ತಿಗೆ ಮಡಿಸಿ, ಬಾಯಿ ಒಳಗೆ ತುರುಕಿ, ಹುರಿಯನ್ನು ಎರಡು ಸುತ್ತು ಬಿಗಿದು, ಬೆರಳಿಗೆ ಸಿಕ್ಕಿಸಿ ಪಟ್ಟನೆ ಹರಿಯುವ ನಿಮ್ಮ ಕೈಚಳಕ ಒಂದು ವಾರದ ತಾಲೀಮಿನಲ್ಲಿ ಯಾರಿಗೂ ಬರುವಂಥದ್ದಲ್ಲ. ಆ ಒಂದು ಶಾಟಿನಲ್ಲಿ ನಿಮ್ಮ ಕೈಗಳೇ ಇದ್ದರೆ ಚಿತ್ರದ ತೂಕವೇ ಬೇರೆಯಾಗುತ್ತದೆ. ಮುಖ ಕಾಣುವುದಿಲ್ಲ, ಹತ್ತು ನಿಮಿಷದ ಕೆಲಸ. ಮನಸ್ಸಿಲ್ಲದಿದ್ದರೆ ಅದನ್ನು ಬಿಟ್ಟು, ಉಳಿದದ್ದಕ್ಕೆ ಮಾತ್ರ ಒಪ್ಪಿದರೂ ನಮಗೆ ಸಂತೋಷವೇ.

ಪೂರ್ತಿ ಬೇಡ ಎನಿಸಿದರೂ ಸಂಕೋಚವಿಲ್ಲದೆ ಹೇಳಿ ಸರ್. ಒಪ್ಪಿದ ಮೇಲೆ ಮನಸ್ಸು ಬದಲಾದರೂ ಹಿಂದಿನ ದಿನದವರೆಗೆ ತಿಳಿಸಬಹುದು. ನವೆಂಬರ್ 12ರೊಳಗೆ ನಿಮ್ಮ ಉತ್ತರ ಸಿಕ್ಕರೆ ಕಲಾವಿದರ ದಿನಾಂಕ ಗೊತ್ತುಮಾಡಲು ಅನುಕೂಲ. ಇದೇ ಈಮೇಲಿಗೆ ಎರಡು ಸಾಲು ಬರೆದರೂ ಸಾಕು, ಆ ದಿನ ಬಿಲ್ಲಿನ ಹಿಂದೆ ಬರೆದುಕೊಟ್ಟ ನನ್ನ ನಂಬರಿಗೆ ಫೋನ್ ಮಾಡಿದರೂ ಆದೀತು. ನೀವು ಹೇಳಿದ ಹೊತ್ತಿಗೆ ನಾನೇ ಅಂಗಡಿಗೆ ಬರಲೂ ಸಿದ್ಧ. ಮಧ್ಯಾಹ್ನ ಎರಡೂವರೆಯ ಮೇಲೆ ಗಿರಾಕಿ ಕಡಿಮೆ ಎಂದು ನಿಮ್ಮ ಮಗ ಹೇಳಿದ್ದರು, ಆ ಹೊತ್ತಿಗೇ ಬರುತ್ತೇನೆ.

ನಮ್ಮ ವಿಭಾಗದ ಮುಖ್ಯಸ್ಥರು ಸಹಿ ಮಾಡಿದ ಪತ್ರ, ತಂಡದ ಐವರು ವಿದ್ಯಾರ್ಥಿಗಳ ಗುರುತಿನ ಚೀಟಿಗಳ ಪ್ರತಿ, ಚಿತ್ರಕಥೆ ಮತ್ತು ಒಪ್ಪಿಗೆ ಪತ್ರ ಇದರ ಜೊತೆಗಿವೆ. ಫೋನಿನಲ್ಲಿ ಓದಲು ಕಷ್ಟವಾದರೆ ಪ್ರಿಂಟ್ ಹಾಕಿಸಿ ತಂದುಕೊಡುತ್ತೇನೆ.

ನಿಮ್ಮ ಮಗನಿಗೂ ನನ್ನ ನಮಸ್ಕಾರ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಚಂದನಾ
ದ್ವಿತೀಯ ಎಂ.ಎ., ಪತ್ರಿಕೋದ್ಯಮ
ಮಾನಸಗಂಗೋತ್ರಿ, ಮೈಸೂರು