ಎಕ್ಸ್‌ಟ್ರಾ ಕ್ರೆಡಿಟ್ ಮಾಡಿದರೆ 80 ಮುಟ್ಟಲು ಇನ್ನೂ ದಾರಿ ಇದೆಯೇ?

ವಿಷಯ: ಸಂಖ್ಯಾಶಾಸ್ತ್ರ ಕೋರ್ಸ್ – ಎಕ್ಸ್‌ಟ್ರಾ ಕ್ರೆಡಿಟ್ ಬಗ್ಗೆ ಒಂದು ಪ್ರಶ್ನೆ

ನಮಸ್ಕಾರ ಮೇಡಂ,

ನಾನು ಮೇಘನಾ, ನಿಮ್ಮ ಬೆಳಗಿನ ಸಂಖ್ಯಾಶಾಸ್ತ್ರ ಕ್ಲಾಸಿನವಳು. ಮೇಲ್ ಸ್ವಲ್ಪ ಉದ್ದವಾಗಿದೆ, ಅದಕ್ಕೇ ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಸಿಲಬಸ್‌ನಲ್ಲಿ "ಎಕ್ಸ್‌ಟ್ರಾ ಕ್ರೆಡಿಟ್, ಶೇ. 3ರವರೆಗೆ" ಎಂದಿದೆ. ಅದನ್ನು ಈಗಲೂ ಮಾಡಬಹುದೇ? ಮಾಡಬಹುದಾದರೆ, ಆ 3 ಸೇರುವುದು ಯಾವುದಕ್ಕೆ? ಇಡೀ ಕೋರ್ಸಿನ ಮೊತ್ತಕ್ಕೋ, ಅಸೈನ್‌ಮೆಂಟ್ ಅಂಕಕ್ಕೋ? ನನಗೆ ಎಲ್ಲ ನಿಂತಿರುವುದು ಈ ಎರಡನೇ ಪ್ರಶ್ನೆಯ ಮೇಲೆ.

ನನಗೆ ಬೇಕಿರುವುದು 80. ಮುಂದಿನ ಸೆಮಿಸ್ಟರ್‌ನ ದತ್ತಾಂಶ ವಿಶ್ಲೇಷಣೆ ಕೋರ್ಸಿಗೆ ಸೇರಲು ಇದರಲ್ಲಿ ಕನಿಷ್ಠ ಅಷ್ಟು ಇರಬೇಕು. ಆ ಕೋರ್ಸ್ ವರ್ಷಕ್ಕೆ ಒಂದೇ ಸಲ ನಡೆಯುತ್ತದೆ. ಈ ಸಲ ತಪ್ಪಿದರೆ ಅದರ ಹಿಂದೆ ಬರುವ ಪ್ರಾಜೆಕ್ಟೂ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ನಿಯಮ ಸಡಿಲಿಸಿ ಎಂದು ಕೇಳಲು ಈ ಮೇಲ್ ಬರೆಯುತ್ತಿಲ್ಲ. 80 ಅಂದರೆ 80. ಅಲ್ಲಿಗೆ ಹೋಗುವ ದಾರಿ ಇನ್ನೂ ತೆರೆದಿದೆಯೋ ಇಲ್ಲವೋ ಎಂಬುದಷ್ಟೇ ನನ್ನ ಪ್ರಶ್ನೆ.

ಪೋರ್ಟಲ್‌ನಲ್ಲಿ ಈಗ ನನ್ನ ಹೆಸರಿನ ಎದುರು 72 ಎಂದು ಕಾಣುತ್ತದೆ. ಅದನ್ನು ನೋಡಿದರೆ ಇನ್ನು ಎಂಟೇ ಅಲ್ವಾ, ಫೈನಲ್‌ನಲ್ಲಿ ಎಳೆದುಕೊಂಡರಾಯಿತು ಅನ್ನಿಸುತ್ತದೆ. ಆದರೆ ಆ 72, ಇದುವರೆಗೆ ತಿದ್ದಿ ಮುಗಿದಿರುವ 66 ಅಂಕಗಳ ಮೇಲಿನ ಲೆಕ್ಕ. ಸಿಲಬಸ್‌ನ ತೂಕದಂತೆ ಕೂತು ಲೆಕ್ಕ ಹಾಕಿದರೆ ಚಿತ್ರ ಬೇರೆಯೇ ಬರುತ್ತದೆ:

ಅಸೈನ್‌ಮೆಂಟ್ (ಒಟ್ಟು 20): ಹತ್ತರಲ್ಲಿ ಎಂಟು ಮುಗಿದಿವೆ, ಸರಾಸರಿ 85. ಕೈಗೆ ಬಂದದ್ದು 13.6.
ಕ್ವಿಜ್ (ಒಟ್ಟು 10): ಎಲ್ಲ ಮುಗಿದಿವೆ, ಸರಾಸರಿ 75. ಬಂದದ್ದು 7.5.
ಮೊದಲ ಟೆಸ್ಟ್ (20): 78. ಅಂದರೆ 15.6.
ಎರಡನೇ ಟೆಸ್ಟ್ (20): 54. ಅಂದರೆ 10.8.

ಒಟ್ಟು 47.5. ಉಳಿದಿರುವುದು ಎರಡು ಅಸೈನ್‌ಮೆಂಟ್‌ಗಳ 4 ಅಂಕ, ಫೈನಲ್‌ನ 30. ಆ ಎರಡು ಅಸೈನ್‌ಮೆಂಟ್‌ಗಳಲ್ಲಿ 90ರಂತೆ ಬಂದರೆ 3.6 ಸೇರಿ 51.1 ಆಗುತ್ತದೆ. ಇಲ್ಲಿಂದ ಮುಂದೆ, ಫೈನಲ್‌ನಲ್ಲಿ 100ಕ್ಕೆ ಬರುವ ಅಂಕ F, ಎಕ್ಸ್‌ಟ್ರಾ ಕ್ರೆಡಿಟ್ E ಎಂದಿಟ್ಟುಕೊಂಡರೆ:

51.1 + 0.30 × F + E ≥ 80

E ಸೊನ್ನೆಯಾದರೆ ಫೈನಲ್‌ನಲ್ಲಿ 96.3 ಬೇಕು. ಎರಡೂ ಅಸೈನ್‌ಮೆಂಟ್‌ಗಳಿಗೆ ಪೂರ್ತಿ ಅಂಕ ಬಂದರೂ 95ಕ್ಕಿಂತ ಕೆಳಗಿಳಿಯುವುದಿಲ್ಲ. ಟೆಸ್ಟ್‌ಗಳಲ್ಲಿ 78 ಮತ್ತು 54 ತೆಗೆದವಳು, ಪೂರ್ತಿ ಪಾಠಗಳ ಮೇಲಿನ ಪರೀಕ್ಷೆಯಲ್ಲಿ 96 ತೆಗೆಯುತ್ತೇನೆ ಎಂದರೆ ನೀವೂ ನಂಬುವುದಿಲ್ಲ, ನಾನೂ ನಂಬುವುದಿಲ್ಲ.

ಇಡೀ 3 ಕೋರ್ಸಿನ ಮೊತ್ತಕ್ಕೇ ಸೇರುವುದಾದರೆ ಮಾತು ಬೇರೆ. ಆಗ ಫೈನಲ್‌ನಲ್ಲಿ 86.3 ಸಾಕು. ಕಷ್ಟವೇ, ಆದರೆ ಕೂತು ಓದಿದರೆ ಆಗದ ಮಾತೇನಲ್ಲ. ಮೂರರಲ್ಲಿ ಎರಡೇ ಸಿಕ್ಕರೆ 89.7 ಬೇಕಾಗುತ್ತದೆ. ಅಲ್ಲಿಗೆ ಉಸಿರು ಬಿಗಿಯಾಗುತ್ತದೆ, ಆದರೂ ಪ್ರಯತ್ನ ಮಾಡುವಂಥದ್ದೇ.

ಆ 3 ಸೇರುವುದು ಅಸೈನ್‌ಮೆಂಟ್ ಅಂಕಕ್ಕೆ ಮಾತ್ರ ಎಂದಾದರೆ, 20ರ ಶೇ. 3 ಅಂದರೆ ಬರೀ 0.6. ಎರಡನೇ ಟೆಸ್ಟಿನ ಅಂಕಕ್ಕೆ ಸೇರಿಸಿದರೂ ಅಷ್ಟೇ, ಅದರ ತೂಕವೂ 20. ಆಗ ಫೈನಲ್‌ನಲ್ಲಿ 94.3 ಬೇಕು. ಅಂದರೆ ಇದ್ದಲ್ಲೇ ಇದ್ದ ಹಾಗೆ.

ಇನ್ನೊಂದು ಕಡೆಯಿಂದಲೂ ನೋಡಿದೆ. ಫೈನಲ್‌ನ ಒಂದು ಅಂಕಕ್ಕೆ ಕೋರ್ಸಿನಲ್ಲಿ 0.3 ಬೆಲೆ. ಹಾಗಾಗಿ ಮೊತ್ತಕ್ಕೆ ಸೇರುವ 3 ಅಂದರೆ ಫೈನಲ್‌ನ ಹತ್ತು ಅಂಕಕ್ಕೆ ಸಮ. 0.6 ಅಂದರೆ ಬರೀ ಎರಡು ಅಂಕ. ಹತ್ತು ಅಂಕಕ್ಕಾದರೆ ಎರಡು ವಾರದ ಸಂಜೆಗಳನ್ನು ಒಂದು ಪ್ರಾಜೆಕ್ಟಿಗೆ ಕೊಡಬಹುದು. ಎರಡೇ ಅಂಕಕ್ಕಾದರೆ ಅದೇ ಸಂಜೆ ಪುಸ್ತಕ ಹಿಡಿದು ಕೂತರೆ ಜಾಸ್ತಿ ಲಾಭ. ಕ್ಲಾಸಿನಲ್ಲಿ ಇಬ್ಬರು ಮೂವರನ್ನು ಕೇಳಿದೆ, ಒಬ್ಬೊಬ್ಬರು ಒಂದೊಂದು ಹೇಳಿದರು. ಅದಕ್ಕೇ ಸುಮ್ನೆ ಊಹೆ ಮಾಡುವುದು ಬಿಟ್ಟು ನಿಮ್ಮನ್ನೇ ಕೇಳುತ್ತಿದ್ದೇನೆ.

ಇನ್ನು ಕೆಲಸದ ಬಗ್ಗೆ. ನೀವೇ ಏನಾದರೂ ಕೊಡುವುದಿದ್ದರೆ ಅದನ್ನೇ ಮಾಡುತ್ತೇನೆ. ನನ್ನಿಂದಲೂ ಒಂದು ಸಲಹೆ ಇರಲಿ ಎಂದು ಬರೆಯುತ್ತಿದ್ದೇನೆ. ಎರಡನೇ ಟೆಸ್ಟಿನಲ್ಲಿ ನನ್ನ ಅಂಕ ಹೋಗಿರುವುದು ಹೆಚ್ಚಾಗಿ ಷರತ್ತುಬದ್ಧ ಸಂಭವನೀಯತೆಯ ಪ್ರಶ್ನೆಗಳಲ್ಲಿ. ಫೈನಲ್‌ನಲ್ಲೂ ಆ ಭಾಗ ಬರುತ್ತದೆ. ಹಾಗಾಗಿ ಅದರ ಮೇಲೇ ಕೆಲಸ ಮಾಡಿದರೆ ಎಕ್ಸ್‌ಟ್ರಾ ಕ್ರೆಡಿಟ್ ಬೇರೆ, ಓದು ಬೇರೆ ಆಗುವುದಿಲ್ಲ.

ನೀವು ಕ್ಲಾಸಿನಲ್ಲಿ ಬಿಡಿಸಿದ ಕಾಯಿಲೆ ಪತ್ತೆಯ ಲೆಕ್ಕದಿಂದ ಶುರು ಮಾಡುತ್ತೇನೆ. 10,000 ಜನರಲ್ಲಿ 100 ಜನರಿಗೆ ಕಾಯಿಲೆ ಇದೆ. ಪರೀಕ್ಷೆ, ಕಾಯಿಲೆ ಇರುವ 100 ಜನರಲ್ಲಿ 95 ಜನರನ್ನು ಸರಿಯಾಗಿ ಹಿಡಿಯುತ್ತದೆ. ಕಾಯಿಲೆ ಇಲ್ಲದ 9,900 ಜನರಲ್ಲೂ ನೂರಕ್ಕೆ ಐದರಂತೆ 495 ಜನರಿಗೆ ಸುಮ್ನೆ ಪಾಸಿಟಿವ್ ಎಂದುಬಿಡುತ್ತದೆ. ಒಟ್ಟು 590 ಪಾಸಿಟಿವ್, ಅದರಲ್ಲಿ ನಿಜವಾದ ರೋಗಿಗಳು 95. ಅಂದರೆ ಶೇ. 16 ಮಾತ್ರ. ಕಾಯಿಲೆ ನೂರರಲ್ಲಿ ಹತ್ತು ಜನರಿಗೆ ಇದ್ದರೆ, ಅದೇ ಪರೀಕ್ಷೆಗೆ ಅದು ಶೇ. 68ಕ್ಕೆ ಏರುತ್ತದೆ. ಪರೀಕ್ಷೆ ಬದಲಾಗಿಲ್ಲ, ಜನ ಬದಲಾದರು ಅಷ್ಟೇ.

ನಾನು ಹೆಚ್ಚಾಗಿ ನೋಡಬೇಕೆಂದಿರುವುದು ಇದರ ಮುಂದಿನ ಹೆಜ್ಜೆ. ಪಾಸಿಟಿವ್ ಬಂದ 590 ಜನರಿಗೆ ಅದೇ ಪರೀಕ್ಷೆ ಎರಡನೇ ಸಲ ಮಾಡಿದರೆ ಏನಾಗುತ್ತದೆ? ಎರಡು ಸಲದ ತಪ್ಪುಗಳಿಗೂ ಒಂದಕ್ಕೊಂದು ಸಂಬಂಧವಿಲ್ಲ ಎಂದುಕೊಂಡರೆ, ಎರಡೂ ಸಲ ಪಾಸಿಟಿವ್ ಬಂದವರಲ್ಲಿ ಸುಮಾರು ಶೇ. 78 ಜನ ನಿಜವಾದ ರೋಗಿಗಳು. ಆದರೆ ಒಬ್ಬ ವ್ಯಕ್ತಿಯ ದೇಹದಲ್ಲಿರುವ ಬೇರೆ ಯಾವುದೋ ಕಾರಣಕ್ಕೆ ಪರೀಕ್ಷೆ ಪ್ರತಿ ಸಲವೂ ಅದೇ ತಪ್ಪು ಮಾಡುತ್ತಿದ್ದರೆ? ಆಗ ಎರಡನೇ ಪರೀಕ್ಷೆಯಿಂದ ಹೊಸದೇನೂ ಗೊತ್ತಾಗುವುದಿಲ್ಲ, ಶೇ. 16 ಇದ್ದದ್ದು ಅಲ್ಲೇ ಸುತ್ತಮುತ್ತ ಉಳಿಯುತ್ತದೆ. ಈ ಎರಡು ತುದಿಗಳ ನಡುವೆ ಏನಾಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಮಾಡಿ, ಗ್ರಾಫ್ ಹಾಕಿ, ನಾಲ್ಕೈದು ಪುಟದಲ್ಲಿ ವಿವರಿಸಬಹುದು. ಪುಸ್ತಕದ ಲೆಕ್ಕಗಳಲ್ಲಿ "ಸ್ವತಂತ್ರ ಘಟನೆಗಳು" ಎಂಬ ಮಾತನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತೇವೆ. ಆ ಒಂದು ಸಾಲಿಗೆ ಎಷ್ಟು ತೂಕ ಇದೆ ಎಂದು ಇಲ್ಲಿ ಕಣ್ಣಿಗೆ ಕಾಣುತ್ತದೆ ಅನ್ನಿಸಿತು.

ಇದು ಜಾಸ್ತಿಯಾಯಿತು ಅಥವಾ ಕಡಿಮೆಯಾಯಿತು ಅನ್ನಿಸಿದರೆ ಹೇಳಿ, ಬದಲಾಯಿಸಿಕೊಳ್ಳುತ್ತೇನೆ. ನೀವು ಒಪ್ಪಿದ ದಿನದಿಂದ ಎರಡು ವಾರದೊಳಗೆ ಕೊಡಬಲ್ಲೆ. ಫೈನಲ್‌ಗೆ ಮೂರು ವಾರ ಇದೆ, ಕೊನೆಯ ವಾರವನ್ನು ಓದಿಗೇ ಇಟ್ಟುಕೊಳ್ಳಬೇಕು.

ಇನ್ನೊಂದು ಮಾತು. ಈ ಅವಕಾಶ ನನಗೊಬ್ಬಳಿಗೇ ಕೊಡಿ ಎಂದು ಕೇಳುತ್ತಿಲ್ಲ. ಕೊಡುವುದಾದರೆ ಕ್ಲಾಸಿಗೆಲ್ಲ ಹೇಳಿ, ಅದೇ ಸರಿ. ನನ್ನ ಹಾಗೆಯೇ ಅಂಚಿನಲ್ಲಿ ನಿಂತವರು ಇನ್ನೂ ಕೆಲವರಿದ್ದಾರೆ, ಅವರು ಕೇಳಲು ಹಿಂಜರಿಯುತ್ತಿದ್ದಾರೆ ಅಷ್ಟೇ. ಎರಡನೇ ಟೆಸ್ಟಿನ ಪತ್ರಿಕೆಯನ್ನು ಮತ್ತೆ ತಿದ್ದಿ ಎಂದೂ ಕೇಳುತ್ತಿಲ್ಲ. ನೀವು ಬರೆದ ಟಿಪ್ಪಣಿಗಳನ್ನು ಓದಿದ್ದೇನೆ, ಅಂಕ ಸರಿಯಾಗಿಯೇ ಇದೆ. ಕೊನೆಗೆ 79.6 ಬಂದಾಗ ನಿಮ್ಮ ಬಾಗಿಲಿಗೆ ಬಂದು "80 ಮಾಡಿಕೊಡಿ" ಅನ್ನುವುದಕ್ಕಿಂತ ಈಗಲೇ ಕೇಳುವುದು ಇಬ್ಬರಿಗೂ ಒಳ್ಳೆಯದು ಅನ್ನಿಸಿತು.

ಉತ್ತರಕ್ಕೆ ಸ್ವಲ್ಪ ಅವಸರ ಮಾಡುತ್ತಿದ್ದೇನೆ, ಅದಕ್ಕೂ ಕಾರಣವಿದೆ. ಕೋರ್ಸ್ ಡ್ರಾಪ್ ಮಾಡಲು ಮುಂದಿನ ಶುಕ್ರವಾರ ಕೊನೆಯ ದಿನ. ಅಷ್ಟರೊಳಗೆ ಬಿಟ್ಟರೆ ಅಂಕಪಟ್ಟಿಯಲ್ಲಿ ಅಂಕ ಕಾಣುವುದಿಲ್ಲ, ಮತ್ತೊಮ್ಮೆ ಈ ಕೋರ್ಸ್ ತೆಗೆದುಕೊಳ್ಳಬಹುದು. ಮುಂದುವರಿದು 75ಕ್ಕೆ ನಿಂತರೆ ಪಾಸೇನೋ ಆಗುತ್ತೇನೆ. ಆದರೆ ಪಾಸಾದ ಕೋರ್ಸನ್ನು ಅಂಕ ಏರಿಸಿಕೊಳ್ಳಲು ಮತ್ತೆ ತೆಗೆದುಕೊಳ್ಳುವಂತಿಲ್ಲ, ಹಾಗಾಗಿ ಆ ಇನ್ನೊಂದು ಕೋರ್ಸಿನ ಬಾಗಿಲು ಪೂರ್ತಿ ಮುಚ್ಚಿದಂತೆ. 3 ಮೊತ್ತಕ್ಕೆ ಸೇರುತ್ತದೆ ಎಂದರೆ ಬಿಡುವುದಿಲ್ಲ, ಬರೆದೇ ಬರೆಯುತ್ತೇನೆ. ಸೇರುವುದಿಲ್ಲ, ಅಥವಾ ಎಕ್ಸ್‌ಟ್ರಾ ಕ್ರೆಡಿಟ್ ಮುಗಿದುಹೋಯಿತು ಎಂದರೆ ಡ್ರಾಪ್ ಮಾಡುವುದೇ ವಾಸಿ ಎಂದುಕೊಂಡಿದ್ದೇನೆ. ನನ್ನ ಎರಡೂ ಪತ್ರಿಕೆ ತಿದ್ದಿದವರು ನೀವು. 86 ನನ್ನ ಕೈಲಿ ಆಗುವುದು ನಿಮಗೆ ಅನುಮಾನ ಎಂದಾದರೆ ಅದನ್ನೂ ಮುಚ್ಚಿಟ್ಟುಕೊಳ್ಳದೆ ಹೇಳಿ ಮೇಡಂ, ಬೇಜಾರು ಮಾಡಿಕೊಳ್ಳುವುದಿಲ್ಲ.

ಲೆಕ್ಕದ ಶೀಟ್ ಇದರ ಜೊತೆ ಲಗತ್ತಿಸಿದ್ದೇನೆ. ತೂಕಗಳಲ್ಲಿ ಏನಾದರೂ ವ್ಯತ್ಯಾಸ ಕಂಡರೆ ತಿಳಿಸಿ. ಮೇಲ್‌ನಲ್ಲಿ ಒಂದು ಸಾಲು ಬರೆದರೂ ಸಾಕು. ಎದುರಿಗೆ ಮಾತಾಡುವುದೇ ಸುಲಭ ಎಂದರೆ ಮಂಗಳವಾರ ಕ್ಲಾಸ್ ಮುಗಿದ ಮೇಲೆ ನಿಮ್ಮ ರೂಮಿಗೆ ಬರುತ್ತೇನೆ. ಆ ದಿನ ಮಧ್ಯಾಹ್ನದವರೆಗೆ ನನಗೆ ಬೇರೆ ಕ್ಲಾಸ್ ಇಲ್ಲ.

ಇತಿ ನಿಮ್ಮ ವಿದ್ಯಾರ್ಥಿನಿ,
ಮೇಘನಾ
ಸಂಖ್ಯಾಶಾಸ್ತ್ರ, ಬೆಳಗಿನ ವಿಭಾಗ

ಲಗತ್ತು: ಅಂಕಗಳ ಲೆಕ್ಕದ ಶೀಟ್