ಸೂರ್ಯ, ಭೂಮಿ, ಚಂದ್ರ: ನೀವೇ ಬಿಡಿಸುವ ಮೂರು ಚಿತ್ರಗಳು

8ನೇ ತರಗತಿ, ವಿಜ್ಞಾನ. ಕಾರ್ಯಹಾಳೆ

ಸಮಯ: ತರಗತಿಯಲ್ಲಿ ಎರಡು ಅವಧಿ. 5 ಮತ್ತು 10ನೇ ಪ್ರಶ್ನೆ ಮನೆಗೆ.

ಬೇಕಾದದ್ದು: ಬಿಳಿ ಹಾಳೆ ನಾಲ್ಕು, ಕಂಪಾಸು, ಕೋನಮಾಪಕ, ಸ್ಕೇಲು, ಪೆನ್ಸಿಲ್, ಒಂದು ಗೋಲಿ, ಒಂದು ಕೊತ್ತಂಬರಿ ಬೀಜ, ಅಳತೆ ಟೇಪು (ಶಾಲೆಯದ್ದು), ಮನೆಯ ಕ್ಯಾಲೆಂಡರ್.

ಮಕ್ಕಳೇ, ಈ ಹಾಳೆಯಲ್ಲಿ ಅಚ್ಚಾದ ಚಿತ್ರ ಒಂದೂ ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಕಳೆದ ಕಿರುಪರೀಕ್ಷೆಯಲ್ಲಿ ನಿಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ "ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣಗಾಗುತ್ತಾನೆ" ಎಂದು ಬರೆದಿದ್ದೀರಿ. "ಸೂರ್ಯ ಹತ್ತಿರ ಬಂದಾಗ ಬೇಸಿಗೆ" ಎಂದು ಬರೆದವರೂ ಇದ್ದಾರೆ. ಇದು ನಿಮ್ಮ ತಪ್ಪಷ್ಟೇ ಅಲ್ಲ. ಸಾಮಾನ್ಯವಾಗಿ ಸಿಗುವ ಚಿತ್ರಗಳಲ್ಲಿ ಚಂದ್ರ ಭೂಮಿಯ ಪಕ್ಕದಲ್ಲೇ ಅಂಟಿಕೊಂಡಿರುತ್ತಾನೆ, ಭೂಮಿಯ ದಾರಿ ಸೌತೆಕಾಯಿಯ ಹಾಗೆ ಉದ್ದವಾಗಿರುತ್ತದೆ. ಅದನ್ನು ನೋಡಿದವರಿಗೆ ಹಾಗೆಯೇ ಅನ್ನಿಸುತ್ತದೆ. ಆದ್ದರಿಂದ ಅಳತೆ ಹಿಡಿದು ನಾವೇ ಬಿಡಿಸೋಣ.

ಮೊದಲು ಅಂಗಳಕ್ಕೆ

1 ಮಿಲಿಮೀಟರ್ ಅಂದರೆ 1,000 ಕಿ.ಮೀ. ಎಂದು ಇಟ್ಟುಕೊಳ್ಳಿ. ಭೂಮಿಯ ವ್ಯಾಸ ಸುಮಾರು 12,740 ಕಿ.ಮೀ., ನಿಮ್ಮ ಗೋಲಿ ಹೆಚ್ಚುಕಡಿಮೆ ಅಷ್ಟೇ. ಚಂದ್ರನ ವ್ಯಾಸ 3,474 ಕಿ.ಮೀ., ಅದಕ್ಕೆ ಕೊತ್ತಂಬರಿ ಬೀಜ. ಸೂರ್ಯನ ವ್ಯಾಸ ಸುಮಾರು 13.9 ಲಕ್ಷ ಕಿ.ಮೀ., ಅಂದರೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 1 ಮೀಟರ್ 39 ಸೆಂ.ಮೀ. ಅಗಲದ ವೃತ್ತ. ಇಬ್ಬರು ಸೇರಿ ಬಿಡಿಸಿ.

ಪ್ರಶ್ನೆ 1. ಚಂದ್ರ ನಮ್ಮಿಂದ ಸರಾಸರಿ 3,84,400 ಕಿ.ಮೀ. ದೂರ. ಗೋಲಿಯಿಂದ ಬೀಜವನ್ನು ಎಷ್ಟು ಸೆಂ.ಮೀ. ದೂರ ಇಡಬೇಕು? ಮೊದಲು ಅಂದಾಜಿನಲ್ಲಿ ಇಡಿ, ಆಮೇಲೆ ಲೆಕ್ಕ ಮಾಡಿ ಸರಿಪಡಿಸಿ. ಎರಡೂ ಸಂಖ್ಯೆಗಳನ್ನು ಬರೆಯಿರಿ.

ಪ್ರಶ್ನೆ 2. ಸೂರ್ಯ ಸುಮಾರು 15 ಕೋಟಿ ಕಿ.ಮೀ. ದೂರ. ಗೋಡೆಯ ಸೂರ್ಯನಿಂದ ಗೋಲಿ ಎಷ್ಟು ಮೀಟರ್ ದೂರ ಇರಬೇಕು? ನಮ್ಮ ಆಟದ ಮೈದಾನ ಸಾಕಾಗುತ್ತದೆಯೇ?

ಗೋಲಿಯ ಜಾಗದಲ್ಲಿ ನಿಂತು ಒಂದು ಕಣ್ಣು ಮುಚ್ಚಿ. ಇನ್ನೊಂದು ಕಣ್ಣಿನ ಮುಂದೆ, ಪ್ರಶ್ನೆ 1ರಲ್ಲಿ ಬಂದ ದೂರದಲ್ಲಿ ಬೀಜವನ್ನು ಹಿಡಿದು ಗೋಡೆಯ ಸೂರ್ಯನನ್ನು ನೋಡಿ. ಬೀಜ ಅದನ್ನು ಸರಿಯಾಗಿ ಮುಚ್ಚಬೇಕು. ಸೂರ್ಯ ಚಂದ್ರನಿಗಿಂತ 400 ಪಟ್ಟು ದೊಡ್ಡವನು, 400 ಪಟ್ಟು ದೂರವೂ ಇದ್ದಾನೆ. ಪೂರ್ಣ ಸೂರ್ಯಗ್ರಹಣ ನಮಗೆ ಕಾಣಸಿಗುವುದಕ್ಕೆ ಈ ಹೊಂದಾಣಿಕೆಯೇ ಕಾರಣ. ನಿಜವಾದ ಸೂರ್ಯನನ್ನು ಮಾತ್ರ ಹೀಗೆ ಎಂದೂ ನೋಡಬಾರದು.

ಚಿತ್ರ 1: ಚಂದ್ರನ ಕಲೆಗಳು

ಹಾಳೆಯ ನಡುವೆ ಭೂಮಿಗೆ ಸಣ್ಣ ವೃತ್ತ. ಅದರ ಸುತ್ತ 7 ಸೆಂ.ಮೀ. ತ್ರಿಜ್ಯದ ದೊಡ್ಡ ವೃತ್ತ, ಅದು ಚಂದ್ರನ ದಾರಿ. (ಇಲ್ಲಿ ಅಳತೆ ಬಿಟ್ಟಿದ್ದೇವೆ. ಚಿತ್ರದ ಕೆಳಗೆ "ಅಳತೆಗೆ ಅನುಗುಣವಾಗಿಲ್ಲ" ಎಂದು ಬರೆಯಿರಿ. ಇನ್ನು ಮುಂದೆ ಯಾವ ಚಿತ್ರ ನೋಡಿದರೂ ಈ ಮಾತು ಇದೆಯೇ ಎಂದು ಹುಡುಕಿ.) ಬಲಗಡೆಯಿಂದ ಬಾಣಗಳನ್ನು ಎಳೆಯಿರಿ, ಅದು ಸೂರ್ಯನ ಬೆಳಕು. ನಾವು ಉತ್ತರ ಧ್ರುವದ ಮೇಲಿನಿಂದ ನೋಡುತ್ತಿದ್ದೇವೆ, ಹಾಗಾಗಿ ಚಂದ್ರ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತಾನೆ.

ದಾರಿಯ ಮೇಲೆ 45 ಡಿಗ್ರಿಗೊಂದರಂತೆ ಎಂಟು ಚಂದ್ರರನ್ನು ಬಿಡಿಸಿ. ಎಂಟಕ್ಕೂ ಎಡ ಅರ್ಧಕ್ಕೆ ಪೆನ್ಸಿಲಿನಿಂದ ಕಪ್ಪು ತುಂಬಿ. ಎಂಟಕ್ಕೂ ಒಂದೇ ರೀತಿ. ಇಲ್ಲಿ ಅವಸರ ಮಾಡಬೇಡಿ, ಇಡೀ ಪಾಠ ಇರುವುದು ಇಲ್ಲೇ: ಚಂದ್ರನ ಅರ್ಧ ಭಾಗ ಸದಾ ಬೆಳಕಿನಲ್ಲೇ ಇರುತ್ತದೆ, ಅಮಾವಾಸ್ಯೆಯ ದಿನವೂ. ಆ ಬೆಳಗಿದ ಅರ್ಧದಲ್ಲಿ ಎಷ್ಟು ನಮ್ಮ ಕಡೆಗೆ ತಿರುಗಿದೆ ಎನ್ನುವುದಷ್ಟೇ ದಿನದಿಂದ ದಿನಕ್ಕೆ ಬದಲಾಗುತ್ತದೆ.

ಈಗ ಪ್ರತಿ ಚಂದ್ರನಿಗೂ ಭೂಮಿಯಿಂದ ಒಂದು ಗೆರೆ ಎಳೆದು, ಅದಕ್ಕೆ ಲಂಬವಾಗಿ ಚಂದ್ರನನ್ನು ಎರಡು ಭಾಗ ಮಾಡಿ. ಭೂಮಿಯ ಕಡೆಗಿರುವ ಅರ್ಧ ಮಾತ್ರ ನಮಗೆ ಕಾಣುವುದು. ಅದರಲ್ಲಿ ಬಿಳಿ ಎಷ್ಟು, ಕಪ್ಪು ಎಷ್ಟು ನೋಡಿ, ಪಕ್ಕದಲ್ಲಿ ಆಕಾಶದಲ್ಲಿ ಕಾಣುವ ಚಂದ್ರನನ್ನು ಬಿಡಿಸಿ.

ಪ್ರಶ್ನೆ 3. ಅಮಾವಾಸ್ಯೆ, ಶುಕ್ಲ ಅಷ್ಟಮಿ, ಹುಣ್ಣಿಮೆ, ಕೃಷ್ಣ ಅಷ್ಟಮಿ: ಈ ನಾಲ್ಕು ಹೆಸರುಗಳನ್ನು ನಿಮ್ಮ ಎಂಟು ಚಂದ್ರರಲ್ಲಿ ಯಾವುದಕ್ಕೆ ಬರೆಯುತ್ತೀರಿ?

ಪ್ರಶ್ನೆ 4. ಚಿತ್ರದ ಭೂಮಿಯ ಎಡಗಡೆಗೆ ಅದರ ನೆರಳನ್ನು ಎಳೆಯಿರಿ. ಶುಕ್ಲ ಅಷ್ಟಮಿಯ ಚಂದ್ರ ಆ ನೆರಳಿನಲ್ಲಿ ಇದ್ದಾನೆಯೇ? ಹಾಗಾದರೆ ಅವನ ಅರ್ಧ ಭಾಗ ಕಪ್ಪಾಗಿರುವುದು ಯಾವುದರಿಂದ? ಎರಡೇ ವಾಕ್ಯದಲ್ಲಿ, ಕಿರುಪರೀಕ್ಷೆಯಲ್ಲಿ ಬರೆದ ನಿಮ್ಮ ಉತ್ತರವನ್ನು ನೀವೇ ತಿದ್ದಿ.

ಗಡಿಯಾರವನ್ನೂ ಇದೇ ಚಿತ್ರದಲ್ಲಿ ಓದಬಹುದು. ಭೂಮಿಯ ಬಲ ಅಂಚಿನಲ್ಲಿ ನಿಂತವರಿಗೆ ನಡು ಮಧ್ಯಾಹ್ನ, ಮೇಲಿನ ಅಂಚಿನವರಿಗೆ ಸೂರ್ಯ ಮುಳುಗುವ ಹೊತ್ತು, ಎಡ ಅಂಚಿನವರಿಗೆ ನಡುರಾತ್ರಿ, ಕೆಳಗಿನ ಅಂಚಿನವರಿಗೆ ಬೆಳಗು. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಒಂದು ಹುಣ್ಣಿಮೆಯಿಂದ ಮುಂದಿನ ಹುಣ್ಣಿಮೆಗೆ ಸರಾಸರಿ 29.5 ದಿನ.

ಪ್ರಶ್ನೆ 5 (ಮನೆಗೆ). ಸಂಕಷ್ಟಿ ಮಾಡುವ ಮನೆಗಳಲ್ಲಿ ರಾತ್ರಿ ಚಂದ್ರ ಕಾಣುವವರೆಗೆ ಕಾಯುತ್ತಾರೆ. ಕ್ಯಾಲೆಂಡರಿನಲ್ಲಿ ಆ ದಿನದ ಚಂದ್ರೋದಯದ ಸಮಯ ಅಚ್ಚಾಗಿರುತ್ತದೆ. ಮೂರು ತಿಂಗಳ ಸಂಕಷ್ಟಿಯ ಚಂದ್ರೋದಯಗಳನ್ನು ಬರೆದುಕೊಳ್ಳಿ. ಹುಣ್ಣಿಮೆಯಾಗಿ ನಾಲ್ಕನೇ ತಿಥಿಗೆ ಚಂದ್ರ ಅಷ್ಟು ಹೊತ್ತಿಗೇ ಯಾಕೆ ಬರುತ್ತಾನೆ? ಕೃಷ್ಣ ಜನ್ಮಾಷ್ಟಮಿಯ ರಾತ್ರಿ ಎಷ್ಟು ಹೊತ್ತಿಗೆ ಹುಟ್ಟಬೇಕು? ಅಜ್ಜಿಗೆ ನಿಮ್ಮ ಚಿತ್ರ ತೋರಿಸಿ ಕೇಳಿ. ತಿಥಿಯ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇನ್ನೊಂದು ಮಾತು. ಚಿತ್ರಗಳಲ್ಲಿ ಬಿದಿಗೆಯ ಚಂದ್ರ ಆವರಣ ಚಿಹ್ನೆಯಂತೆ ನೆಟ್ಟಗೆ ನಿಂತಿರುತ್ತಾನೆ. ಉಗಾದಿ ಮಾರನೇ ಸಂಜೆ ಚಂದ್ರದರ್ಶನಕ್ಕೆ ಹೊರಗೆ ಬಂದವರಿಗೆ ಗೊತ್ತು, ನಮ್ಮಲ್ಲಿ ಅವನು ದೋಣಿಯಂತೆ ಮಲಗಿರುತ್ತಾನೆ. ಬೆಳಗಿದ ಅಂಚು ಯಾವಾಗಲೂ ಸೂರ್ಯನ ಕಡೆಗೇ ಇರುತ್ತದೆ, ಆ ಕಾಲದಲ್ಲಿ ಮುಳುಗಿದ ಸೂರ್ಯ ನಮಗೆ ಚಂದ್ರನ ಹೆಚ್ಚುಕಡಿಮೆ ನೇರ ಕೆಳಗೇ ಇರುತ್ತಾನೆ. ನೆಟ್ಟಗಿನ ಚಿತ್ರ ಸಮಭಾಜಕದಿಂದ ಬಹಳ ಉತ್ತರಕ್ಕಿರುವ ದೇಶಗಳವರು ನೋಡಿ ಬಿಡಿಸಿದ್ದು. ನೀವು ಕಂಡದ್ದನ್ನೇ ಬಿಡಿಸಿ, ಅಂಕ ಕಡಿಯುವುದಿಲ್ಲ.

ಚಿತ್ರ 2: ಗ್ರಹಣ

ಚಿತ್ರ 1ನ್ನು ಮತ್ತೆ ನೋಡಿ. ಅಮಾವಾಸ್ಯೆಯಂದು ಚಂದ್ರ ಸೂರ್ಯ ಮತ್ತು ಭೂಮಿಯ ನಡುವೆ, ಹುಣ್ಣಿಮೆಯಂದು ಭೂಮಿಯ ಹಿಂದೆ. ಹಾಗಿದ್ದರೆ ತಿಂಗಳಿಗೆ ಎರಡು ಗ್ರಹಣ ಆಗಬೇಕಿತ್ತಲ್ಲ? ಆಗುವುದಿಲ್ಲ. ಹಾಳೆ ಚಪ್ಪಟೆ, ಆಕಾಶ ಚಪ್ಪಟೆಯಲ್ಲ. ಚಂದ್ರನ ದಾರಿ ಭೂಮಿಯ ದಾರಿಗೆ ಸುಮಾರು 5 ಡಿಗ್ರಿ ಓರೆಯಾಗಿದೆ.

ಈ ಚಿತ್ರವನ್ನು ಪಕ್ಕದಿಂದ ನೋಡಿದ ಹಾಗೆ, ಅಂಗಳದ ಅಳತೆಯಲ್ಲೇ ಬಿಡಿಸಿ. ಎರಡು ಹಾಳೆ ಅಂಟಿಸಿ ಅಡ್ಡ ಗೆರೆ ಎಳೆಯಿರಿ. ಬಲ ತುದಿಯಲ್ಲಿ ಗೋಲಿಯ ಗಾತ್ರದ ಭೂಮಿ. ಅಲ್ಲಿಂದ 5 ಡಿಗ್ರಿ ಕೋನದಲ್ಲಿ 38.4 ಸೆಂ.ಮೀ. ಉದ್ದದ ಓರೆ ಗೆರೆ ಎಳೆದು ತುದಿಯಲ್ಲಿ ಬೀಜದ ಗಾತ್ರದ ಚಂದ್ರನನ್ನು ಬಿಡಿಸಿ. ಸೂರ್ಯ ಬಲಗಡೆ, ಹಾಳೆಯಾಚೆ 150 ಮೀಟರ್ ದೂರದಲ್ಲಿದ್ದಾನೆ. ಚಂದ್ರನಿರುವಷ್ಟು ದೂರದಲ್ಲಿ ಭೂಮಿಯ ದಟ್ಟ ನೆರಳಿನ ಅಗಲ ಸುಮಾರು 9,000 ಕಿ.ಮೀ., ಅಂದರೆ 9 ಮಿ.ಮೀ. ಅದನ್ನು ಅಡ್ಡ ಗೆರೆಯ ಮೇಲೆ ಗುರುತು ಮಾಡಿ.

ಪ್ರಶ್ನೆ 6. ಚಂದ್ರ ಅಡ್ಡ ಗೆರೆಯಿಂದ ಎಷ್ಟು ಮೇಲಿದ್ದಾನೆ? ಅಳೆಯಿರಿ. ನೆರಳು ಅವನಿಗೆ ತಾಗುತ್ತದೆಯೇ? ತಾಗಬೇಕಾದರೆ ಚಂದ್ರ ತನ್ನ ದಾರಿಯಲ್ಲಿ ಎಲ್ಲಿರಬೇಕು?

2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರ ಅಂಥ ಜಾಗದಲ್ಲೇ ಇದ್ದ. ರಾತ್ರಿ 11 ಗಂಟೆಯಿಂದ 12.22ರವರೆಗೆ ಭೂಮಿಯ ನೆರಳಿನಲ್ಲಿ ಪೂರ್ತಿ ಮುಳುಗಿದ್ದ, ಮೋಡವಿಲ್ಲದ ಊರುಗಳಲ್ಲಿ ತಾಮ್ರದ ತಟ್ಟೆಯಂತೆ ಕಂಡ. ನಮ್ಮ ವಾತಾವರಣದ ಅಂಚಿನಿಂದ ಬಾಗಿ ಹೋದ ಕೆಂಪು ಬೆಳಕು ಅವನ ಮೇಲೆ ಬಿದ್ದದ್ದರಿಂದ ಆ ಬಣ್ಣ.

ಪ್ರಶ್ನೆ 7. ಚಂದ್ರಗ್ರಹಣ ಆ ರಾತ್ರಿ ಇಡೀ ಭಾರತಕ್ಕೆ ಕಾಣುವಂತಿತ್ತು. 1980ರ ಫೆಬ್ರುವರಿ 16ರ ಪೂರ್ಣ ಸೂರ್ಯಗ್ರಹಣ ಮಾತ್ರ ಕರ್ನಾಟಕದಲ್ಲಿ ಅಂಕೋಲಾ, ಹುಬ್ಬಳ್ಳಿ, ರಾಯಚೂರು ಸಾಲಿನ ಒಂದು ಪಟ್ಟಿಗೆ ಪೂರ್ಣವಾಗಿ ಸಿಕ್ಕಿತು, ಬೆಂಗಳೂರಿಗೆ ಬರೀ ಭಾಗಶಃ. ಭೂಮಿಯ ಮೇಲೆ ಬೀಳುವ ಚಂದ್ರನ ದಟ್ಟ ನೆರಳಿನ ಅಗಲ ಸಾಮಾನ್ಯವಾಗಿ 250 ಕಿ.ಮೀ.ಗಿಂತ ಕಡಿಮೆ. ನಿಮ್ಮ ಗೋಲಿಯ ಮೇಲೆ ಅದು ಎಷ್ಟು ದೊಡ್ಡ ಚುಕ್ಕೆ? ಈ ವ್ಯತ್ಯಾಸಕ್ಕೆ ಕಾರಣ ಬರೆಯಿರಿ.

ಪ್ರಶ್ನೆ 8. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಒಂದು ವೀಕ್ಷಣಾ ತಂಡ ನಮ್ಮ ಜಮಖಂಡಿಗೆ ಬಂದಿತ್ತು, ಆಂಧ್ರದ ಗುಂಟೂರಿಗೂ ತಂಡಗಳು ಹೋಗಿದ್ದವು. ಸೂರ್ಯನಲ್ಲಿ ಹೀಲಿಯಂ ಪತ್ತೆಯಾದ ಕಥೆ ಆ ವರ್ಷದ್ದೇ. ಕ್ಯಾಲೆಂಡರ್ ನೋಡದೆ ಹೇಳಿ: ಅಂದು ಯಾವ ತಿಥಿ?

ಗ್ರಹಣದ ಹೊತ್ತಿನಲ್ಲಿ ಅಡುಗೆ ಕೆಡುತ್ತದೆ, ಗರ್ಭಿಣಿಯರು ಹೊರಗೆ ಬರಬಾರದು ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಪ್ರತಿ ರಾತ್ರಿ ನಾವೆಲ್ಲ ಭೂಮಿಯ ನೆರಳಿನಲ್ಲೇ ಇರುತ್ತೇವೆ, ಅದರೊಳಗೇ ಉಂಡು ಮಲಗುತ್ತೇವೆ. ನೆರಳಿನಿಂದ ಕೆಡುಕಿಲ್ಲ. ಅಪಾಯ ಇರುವುದು ಸೂರ್ಯನನ್ನು ಬರಿಗಣ್ಣಿನಿಂದ ನೋಡುವುದರಲ್ಲಿ. ಮಸಿ ಹಿಡಿದ ಗಾಜು, ಎಕ್ಸ್‌ರೇ ಫಿಲ್ಮ್, ತಂಪು ಕನ್ನಡಕ ಯಾವುದೂ ಬೇಡ. ರಟ್ಟಿನಲ್ಲಿ ಸೂಜಿಯಿಂದ ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ, ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ ನೋಡಿ.

ಚಿತ್ರ 3: ಋತುಗಳು

ಕಂಪಾಸಿನಲ್ಲಿ 7.5 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಸೂರ್ಯನ ಚುಕ್ಕೆಯನ್ನು ಕೇಂದ್ರದಿಂದ ಬಲಕ್ಕೆ 1 ಮಿ.ಮೀ.ಗಿಂತ ತುಸು ಹೆಚ್ಚು ಸರಿಸಿ. ಭೂಮಿಯ ನಿಜವಾದ ದಾರಿ ಇದೇ. ದೀರ್ಘವೃತ್ತ ಹೌದು, ಆದರೆ ಈ ಅಳತೆಯಲ್ಲಿ ಅದು ವೃತ್ತದಿಂದ ಪೆನ್ಸಿಲ್ ಗೆರೆಯ ದಪ್ಪದಷ್ಟೂ ಬೇರೆಯಲ್ಲ. ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ಅತಿ ಹತ್ತಿರ, ಸುಮಾರು 14.7 ಕೋಟಿ ಕಿ.ಮೀ. ಜುಲೈ ಮೊದಲ ವಾರ ಅತಿ ದೂರ, 15.2 ಕೋಟಿ.

ದಾರಿಯ ಎಡ, ಕೆಳಗೆ, ಬಲ, ಮೇಲೆ ನಾಲ್ಕು ಭೂಮಿ ಬಿಡಿಸಿ. ಕ್ರಮವಾಗಿ ಜೂನ್ 21, ಸೆಪ್ಟೆಂಬರ್ 23, ಡಿಸೆಂಬರ್ 22, ಮಾರ್ಚ್ 21 ಎಂದು ಬರೆಯಿರಿ. ಪ್ರತಿಯೊಂದಕ್ಕೂ ಅಕ್ಷದ ಗೆರೆ, ಲಂಬದಿಂದ 23.5 ಡಿಗ್ರಿ ಬಲಕ್ಕೆ ವಾಲಿಸಿ. ನಾಲ್ಕೂ ಗೆರೆ ಒಂದಕ್ಕೊಂದು ಸಮಾಂತರವಾಗಿರಲಿ. ಎರಡೂ ಬದಿಯಲ್ಲಿ ಅಕ್ಷವನ್ನು ಸೂರ್ಯನತ್ತ ವಾಲಿಸುವುದು ಈ ಚಿತ್ರದಲ್ಲಿ ಎಲ್ಲರೂ ಮಾಡುವ ತಪ್ಪು.

ಪ್ರಶ್ನೆ 9. ಡಿಸೆಂಬರ್ 26ಕ್ಕೆ ಮೆಲ್ಬರ್ನಿನಲ್ಲಿ ಶುರುವಾಗುವ ಟೆಸ್ಟ್ ಪಂದ್ಯದಲ್ಲಿ ಆಟಗಾರರು ಸುಡುಬಿಸಿಲಲ್ಲಿ ಆಡುತ್ತಾರೆ, ಅದೇ ಹೊತ್ತಿಗೆ ದೆಹಲಿಯಲ್ಲಿ ಚಳಿ. ಎರಡೂ ಊರು ಸೂರ್ಯನಿಂದ ಒಂದೇ ದೂರದಲ್ಲಿವೆ. ದೂರವೇ ಕಾರಣ ಎನ್ನುವ ಗೆಳೆಯನಿಗೆ ಚಿತ್ರ ತೋರಿಸಿ ಏನು ಹೇಳುತ್ತೀರಿ?

ಒಂದು ಅಡ್ಡ ಗೆರೆಯನ್ನು ನೆಲವೆಂದುಕೊಳ್ಳಿ. ಅದರ ಮೇಲೆ 2 ಸೆಂ.ಮೀ. ಅಗಲದ ಬೆಳಕಿನ ಪಟ್ಟಿ ಬೀಳುವುದನ್ನು ಮೂರು ಕೋನದಲ್ಲಿ ಬಿಡಿಸಿ: 79.5 ಡಿಗ್ರಿ (ಬೆಂಗಳೂರು, ಜೂನ್ 21ರ ನಡು ಮಧ್ಯಾಹ್ನ), 53.5 ಡಿಗ್ರಿ (ಬೆಂಗಳೂರು, ಡಿಸೆಂಬರ್ 22), 38 ಡಿಗ್ರಿ (ದೆಹಲಿ, ಡಿಸೆಂಬರ್ 22). ಪ್ರತಿ ಸಲ ಬೆಳಕು ನೆಲದ ಮೇಲೆ ಎಷ್ಟು ಸೆಂ.ಮೀ. ಹರಡಿತು ಎಂದು ಅಳೆದು ಬರೆಯಿರಿ. ಇದರ ಜೊತೆಗೆ ಹಗಲಿನ ಉದ್ದವೂ ಸೇರುತ್ತದೆ. ಬೆಂಗಳೂರಿನಲ್ಲಿ ಜೂನ್ 21ರ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್ 22ರದ್ದು 11 ಗಂಟೆ 20 ನಿಮಿಷ.

ಪ್ರಶ್ನೆ 10 (ಮನೆಗೆ). ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಮಧ್ಯಾಹ್ನ 12.17ಕ್ಕೆ ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ನೆರಳೇ ಬೀಳುವುದಿಲ್ಲ. ಆಗಸ್ಟ್ 18ರ ಸುಮಾರಿಗೆ ಮತ್ತೆ ಅದೇ. ಬೀದರಿನಲ್ಲಿ ಈ ದಿನ ಏಪ್ರಿಲ್ 24ಕ್ಕಿಂತ ಮೊದಲೋ, ಆಮೇಲೋ? ದೆಹಲಿಯಲ್ಲಿ ಯಾವಾಗ? ಇನ್ನೊಂದು: ಜೂನಿನ ಹಗಲು ಏಪ್ರಿಲಿನದಕ್ಕಿಂತ ಉದ್ದ, ಆದರೂ ನಮಗೆ ಸೆಕೆ ಏಪ್ರಿಲಿನಲ್ಲೇ ಜಾಸ್ತಿ. ಯಾಕೆ?

ಉತ್ತರಗಳು (ಬಿಡಿಸಿ ಮುಗಿಸಿದ ಮೇಲೆ ನೋಡಿ)

1: ಸುಮಾರು 38 ಸೆಂ.ಮೀ. 2: 150 ಮೀಟರ್. 3: ಬಲ, ಮೇಲೆ, ಎಡ, ಕೆಳಗೆ. 4: ಇಲ್ಲ, ಕಪ್ಪಾಗಿರುವುದು ಸೂರ್ಯನಿಗೆ ಬೆನ್ನು ಮಾಡಿದ ಚಂದ್ರನ ಸ್ವಂತ ಭಾಗ. 5: ಸಂಕಷ್ಟಿಗೆ ರಾತ್ರಿ 9ರ ಆಸುಪಾಸು, ಜನ್ಮಾಷ್ಟಮಿಗೆ ನಡುರಾತ್ರಿಯ ಹೊತ್ತು. 6: ಸುಮಾರು 3.4 ಸೆಂ.ಮೀ.; ತಾಗುವುದಿಲ್ಲ; ಎರಡು ದಾರಿಗಳು ಕೂಡುವ ಬಿಂದುವಿನ ಹತ್ತಿರ ಇರಬೇಕು, ನಮ್ಮ ಪಂಚಾಂಗದ ರಾಹು, ಕೇತು ಆ ಎರಡು ಬಿಂದುಗಳೇ. 7: ಕಾಲು ಮಿ.ಮೀ.; ಆ ಚುಕ್ಕೆ ಹಾದುಹೋದ ಪಟ್ಟಿಯಲ್ಲಿ ಇದ್ದವರಿಗಷ್ಟೇ ಪೂರ್ಣ ಸೂರ್ಯಗ್ರಹಣ, ಚಂದ್ರಗ್ರಹಣ ಆಗ ರಾತ್ರಿಯಿದ್ದು ಚಂದ್ರ ಮೇಲಿರುವ ಎಲ್ಲರಿಗೂ. 8: ಅಮಾವಾಸ್ಯೆ. 9: ಡಿಸೆಂಬರಿನಲ್ಲಿ ದಕ್ಷಿಣಾರ್ಧ ಸೂರ್ಯನತ್ತ ವಾಲಿದೆ. ಬೆಳಕಿನ ಹರಡು: 2.0, 2.5, 3.2 ಸೆಂ.ಮೀ. 10: ಬೀದರಿನಲ್ಲಿ ಆಮೇಲೆ, ಮೇ ತಿಂಗಳಲ್ಲಿ; ದೆಹಲಿ ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕಿದೆ, ಅಲ್ಲಿ ಎಂದೂ ಇಲ್ಲ. ಕೊನೆಯದಕ್ಕೆ: ಏಪ್ರಿಲಿನಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೇ ಇರುತ್ತಾನೆ, ಆಕಾಶ ತಿಳಿಯಾಗಿರುತ್ತದೆ. ಜೂನಿನ ಹೊತ್ತಿಗೆ ಮುಂಗಾರಿನ ಮೋಡ ಮುಸುಕಿ ಮಳೆ ಹಿಡಿದಿರುತ್ತದೆ.