ಚಿಕ್ಕಮ್ಮನಿಗೆ ಬಂದ ಸಮನ್ಸ್ ಮತ್ತು ದಾವಾ ಪತ್ರ: ಕನ್ನಡದಲ್ಲಿ

ಚಿಕ್ಕಮ್ಮ, ನೀವು ಕಳಿಸಿದ ಕಾಗದಗಳನ್ನು ಕನ್ನಡಕ್ಕೆ ತಂದಿದ್ದೇನೆ. ದಾವಾ ಪತ್ರದಲ್ಲಿರುವುದು ವಾದಿಯ ಮಾತು, ಕೋರ್ಟಿನ ತೀರ್ಮಾನ ಅಲ್ಲ. ಓದಿದರೆ ನಿಮಗೆ ಸಿಟ್ಟು ಬರುತ್ತದೆ. ಆದರೂ ಒಂದು ಮಾತನ್ನೂ ಮೆತ್ತಗೆ ಮಾಡಿಲ್ಲ, ಯಾಕಂದ್ರೆ ನಿಮ್ಮ ವಕೀಲರು ಉತ್ತರ ಬರೆಯಬೇಕಾದ್ದು ಆ ಮಾತಿಗೇ. ಚೌಕ ಕಂಸದೊಳಗೆ ಇರುವುದು ಮಾತ್ರ ನನ್ನದು.

ಸಮನ್ಸ್

ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ
ಅಸಲು ದಾವೆ ಸಂಖ್ಯೆ 47/2025

ಪ್ರತಿವಾದಿಯವರಿಗೆ,

ಕ್ರಯದ ಕರಾರಿನಂತೆ ಕ್ರಯಪತ್ರ ಮಾಡಿಕೊಡಬೇಕೆಂದು ವಾದಿಯು ನಿಮ್ಮ ಮೇಲೆ ದಾವೆ ಹೂಡಿದ್ದಾರೆ. ಅದಕ್ಕೆ ಉತ್ತರ ಕೊಡಲು ನೀವು 24-03-2025ರ ಸೋಮವಾರ ಬೆಳಿಗ್ಗೆ 11 ಗಂಟೆಗೆ ಈ ನ್ಯಾಯಾಲಯಕ್ಕೆ ಖುದ್ದಾಗಿ ಹಾಜರಾಗಬೇಕು, ಇಲ್ಲವೇ ದಾವೆಯ ಎಲ್ಲ ಮುಖ್ಯ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ವಕೀಲರ ಮೂಲಕ ಹಾಜರಾಗಬೇಕು. ಈ ಸಮನ್ಸ್ ಜಾರಿಯಾದ ದಿನದಿಂದ 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ನೀವು ಆಧರಿಸುವ ದಾಖಲೆಗಳನ್ನೂ ಹಾಜರುಪಡಿಸಬೇಕು. ಮೇಲಿನ ದಿನ ಗೈರುಹಾಜರಾದರೆ ನೀವಿಲ್ಲದೆಯೇ ದಾವೆಯ ವಿಚಾರಣೆ ನಡೆದು ತೀರ್ಮಾನವಾಗುತ್ತದೆ.

ನನ್ನ ಸಹಿ ಮತ್ತು ನ್ಯಾಯಾಲಯದ ಮೊಹರಿನೊಂದಿಗೆ 27-02-2025ರಂದು ಕೊಡಲಾಗಿದೆ.

[ಇದು ನಿಮ್ಮ ಕೈಗೆ ಬಂದದ್ದು 06-03-2025ರಂದು. ಆ ಲೆಕ್ಕದಲ್ಲಿ 30 ದಿನ 05-04-2025ಕ್ಕೆ ಮುಗಿಯುತ್ತದೆ. ಹಾಜರಾಗುವ ದಿನ ಬೇರೆ, ಈ ಗಡುವು ಬೇರೆ. ಇದರ ಹಿಂದೆ ಪಿನ್ ಮಾಡಿದ ಚಿಕ್ಕ ಚೀಟಿಯನ್ನು ನೀವು ನೋಡಿರಲಿಕ್ಕಿಲ್ಲ. ಅದು ಮಧ್ಯಂತರ ಅರ್ಜಿ 1ರ ನೋಟಿಸ್. ಆ ಅರ್ಜಿಯ ವಿಚಾರಣೆ 12-03-2025ರ ಬುಧವಾರ ಬೆಳಿಗ್ಗೆ 11ಕ್ಕೆ ಇದೆ. ಅಂದರೆ ಮೊದಲು ಬರುವುದು ಇದೇ. 24ರವರೆಗೆ ಕಾಯುವ ಹಾಗಿಲ್ಲ.]

ದಾವಾ ಪತ್ರ

1. ಪ್ರತಿವಾದಿಯು ಷೆಡ್ಯೂಲ್ ಸ್ವತ್ತಿನ ಮಾಲೀಕರು.

2. ಪ್ರತಿವಾದಿಯು ಈ ಸ್ವತ್ತನ್ನು ರೂ. 28,00,000ಕ್ಕೆ ಮಾರಲು ಒಪ್ಪಿ 14-08-2023ರಂದು ವಾದಿಗೆ ಕ್ರಯದ ಕರಾರು ಬರೆದುಕೊಟ್ಟರು. ಅದೇ ದಿನ ಮುಂಗಡವಾಗಿ ರೂ. 6,00,000 ಪಡೆದರು.

3. ಬಾಕಿ ರೂ. 22,00,000 ಪಡೆದು 14-07-2024ರೊಳಗೆ ಕ್ರಯಪತ್ರ ನೋಂದಾಯಿಸಿಕೊಡಬೇಕೆಂದು ಕರಾರಿನಲ್ಲಿದೆ.

4. ಕರಾರಿನಲ್ಲಿ ತನ್ನ ಪಾಲಿನದನ್ನು ನಡೆಸಲು ವಾದಿಯು ಮೊದಲಿನಿಂದಲೂ ಸಿದ್ಧರಾಗಿದ್ದರು ಮತ್ತು ಮನಸ್ಸುಳ್ಳವರಾಗಿದ್ದರು, ಈಗಲೂ ಹಾಗೇ ಇದ್ದಾರೆ. [ಎರಡೂ ಮಾತು ಬೇಕು. ಹಣ ಹೊಂದಿಸಿಕೊಂಡಿರುವುದು ಒಂದು, ಕೊಳ್ಳುವ ಮನಸ್ಸು ಇನ್ನೊಂದು. ಇಂಥ ದಾವೆಯಲ್ಲಿ ವಾದಿ ಎರಡನ್ನೂ ತೋರಿಸಬೇಕಾಗುತ್ತದೆ.]

5. ಪ್ರತಿವಾದಿಯು ದುರುದ್ದೇಶದಿಂದ, ಹೆಚ್ಚಿನ ಬೆಲೆಯ ಆಸೆಗೆ, ಒಂದಲ್ಲ ಒಂದು ನೆಪ ಹೇಳಿ ದಿನ ತಳ್ಳಿದರು. ವಾದಿಯು 02-09-2024ರಂದು ಲೀಗಲ್ ನೋಟಿಸ್ ಕಳಿಸಿದರು. ಅದು 05-09-2024ರಂದು ತಲುಪಿದೆ. ಪ್ರತಿವಾದಿಯು ಉತ್ತರ ಕೊಟ್ಟಿಲ್ಲ.

6. ವ್ಯಾಜ್ಯ ಕಾರಣವು ಕರಾರಾದ 14-08-2023ರಂದು, ಗಡುವು ಮುಗಿದ 13-07-2024ರಂದು ಮತ್ತು ನೋಟಿಸ್ ತಲುಪಿದ 05-09-2024ರಂದು ಉಂಟಾಯಿತು. [ಗಡುವು 3ನೇ ಪ್ಯಾರಾದಲ್ಲಿ 14, ಇಲ್ಲಿ 13. ಮೂಲದಲ್ಲೇ ಹೀಗಿದೆ. ನಾನು ತಿದ್ದಿಲ್ಲ. ವಕೀಲರಿಗೆ ಇದನ್ನು ಬೆರಳಿಟ್ಟು ತೋರಿಸಿ.]

7. ದಾವೆಯ ಮೌಲ್ಯ ರೂ. 28,00,000. ಇದಕ್ಕೆ ತಕ್ಕ ನ್ಯಾಯಾಲಯ ಶುಲ್ಕ ಕಟ್ಟಲಾಗಿದೆ.

ಕೋರಿಕೆ

ಆದ್ದರಿಂದ ವಾದಿಯ ಪರವಾಗಿ ಕೆಳಗಿನಂತೆ ಡಿಕ್ರಿ ಮಾಡಬೇಕೆಂದು ಕೋರಲಾಗಿದೆ:

ಅ) ಬಾಕಿ ರೂ. 22,00,000 ಪಡೆದು ಷೆಡ್ಯೂಲ್ ಸ್ವತ್ತಿನ ಕ್ರಯಪತ್ರ ನೋಂದಾಯಿಸಿಕೊಡುವಂತೆ ಪ್ರತಿವಾದಿಗೆ ಆದೇಶಿಸಬೇಕು; ಅವರು ತಪ್ಪಿದರೆ ನ್ಯಾಯಾಲಯದ ಮೂಲಕವೇ ಮಾಡಿಸಿಕೊಡಬೇಕು;

ಆ) ಪರ್ಯಾಯವಾಗಿ, ಮುಂಗಡ ರೂ. 6,00,000ವನ್ನು 14-08-2023ರಿಂದ ವಸೂಲಾಗುವವರೆಗೆ ವಾರ್ಷಿಕ ಶೇ. 12 ಬಡ್ಡಿ ಸಮೇತ ವಾಪಸು ಕೊಡಿಸಬೇಕು;

ಇ) ಷೆಡ್ಯೂಲ್ ಸ್ವತ್ತನ್ನು ಬೇರೆಯವರಿಗೆ ಪರಭಾರೆ ಮಾಡದಂತೆ ಪ್ರತಿವಾದಿಯ ಮೇಲೆ ಶಾಶ್ವತ ನಿರ್ಬಂಧಕಾಜ್ಞೆ ಹೊರಡಿಸಬೇಕು;

ಈ) ದಾವೆಯ ಖರ್ಚು ಮತ್ತು ನ್ಯಾಯಾಲಯಕ್ಕೆ ಸರಿಕಂಡ ಇತರ ಪರಿಹಾರ ಕೊಡಿಸಬೇಕು.

[‘ಪರ್ಯಾಯವಾಗಿ’ ಅನ್ನೋ ಪದವನ್ನು ದಯವಿಟ್ಟು ಎರಡು ಸಲ ಓದಿ. ಸೈಟೂ ಬೇಕು, ಆರು ಲಕ್ಷವೂ ಬೇಕು ಅಂತ ಅವರು ಕೇಳಿಲ್ಲ. ಸೈಟು ಸಿಗದಿದ್ದರೆ ಹಣ ಅಂತ ಕೇಳಿದ್ದಾರೆ. ಮಧ್ಯಂತರ ಅರ್ಜಿಯಲ್ಲಿ ಕೇಳಿರುವುದೂ ‘ಇ’ಯಲ್ಲಿರುವುದನ್ನೇ, ಆದರೆ ದಾವೆ ಮುಗಿಯುವವರೆಗೆ ಮಾತ್ರ.]

ಷೆಡ್ಯೂಲ್

ನಿವೇಶನ ಸಂಖ್ಯೆ 17. ಪೂರ್ವ-ಪಶ್ಚಿಮ 30 ಅಡಿ, ಉತ್ತರ-ದಕ್ಷಿಣ 40 ಅಡಿ. ಚೆಕ್ಕುಬಂದಿ: ಪೂರ್ವಕ್ಕೆ ನಿವೇಶನ 18, ಪಶ್ಚಿಮಕ್ಕೆ ನಿವೇಶನ 16, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ನಿವೇಶನ 24.

ಸತ್ಯಾಪನೆ

ಮೇಲಿನ 1ರಿಂದ 7ರವರೆಗಿನ ಪ್ಯಾರಾಗಳಲ್ಲಿ ಹೇಳಿರುವುದು ನನ್ನ ತಿಳಿವಳಿಕೆ ಮತ್ತು ನಂಬಿಕೆಯ ಮಟ್ಟಿಗೆ ನಿಜ.
20-01-2025. ವಾದಿಯ ಸಹಿ.

ಚಿಕ್ಕಮ್ಮ, ಕೋರ್ಟಿಗೆ ಲೆಕ್ಕ ಮೂಲ ಪ್ರತಿಯೇ. ಅದನ್ನೂ ಇದರ ಜೊತೆಗೇ ವಕೀಲರಿಗೆ ಕೊಡಿ. ಸಮನ್ಸ್ ಬಂದ ಲಕೋಟೆಯನ್ನು ಎಸೆಯಬೇಡಿ, ತಲುಪಿದ ದಿನಾಂಕ ಅದರ ಮೇಲಿದೆ. ನಾಳೆಯೇ ವಕೀಲರನ್ನು ನೋಡೋಣ. ಬುಧವಾರ ಕೋರ್ಟಿಗೆ ನಾನೂ ಬರುತ್ತೇನೆ.